ಮೂವತ್ತು ಸೆಕೆಂಡಿನ ರೀಲ್‌ಗೆ ಎಷ್ಟು ಜನರ ಒಪ್ಪಿಗೆ ಬೇಕು?

ಇಳಕಲ್ಲಿನ ಒಂದು ಸೀರೆ ಅಂಗಡಿಯವರು ದೀಪಾವಳಿಗೆ ಇನ್‌ಸ್ಟಾಗ್ರಾಮ್‌ನಲ್ಲಿ ರೀಲ್ ಹಾಕಬೇಕೆಂದಿದ್ದಾರೆ ಅಂದುಕೊಳ್ಳಿ. ಮೊದಲು ಮಗ್ಗದ ಮುಂದೆ ಕೂತ ನೇಕಾರರ ಚಿತ್ರ, ಗೂಗಲ್‌ನಲ್ಲಿ ಹುಡುಕಿ ತೆಗೆದದ್ದು. ಆಮೇಲೆ ಅದೇ ಅಂಗಡಿಯ ಸೀರೆ ಉಟ್ಟ ಮದುಮಗಳ ಚಿತ್ರ, ಫೋಟೊಗ್ರಾಫರ್ ಒಬ್ಬರ ಪುಟದಿಂದ ಹೊಡೆದ ಸ್ಕ್ರೀನ್‌ಶಾಟ್. ಹಿನ್ನೆಲೆಗೆ ಭೀಮಸೇನ ಜೋಶಿಯವರು ಹಾಡಿದ ದಾಸರ ಪದ, ಯೂಟ್ಯೂಬ್‌ನಿಂದ ಇಳಿಸಿಕೊಂಡದ್ದು. ಕೊನೆಯಲ್ಲಿ ಅಂಗಡಿಯ ವಿಳಾಸ. ಎಲ್ಲ ಸೇರಿ 30 ಸೆಕೆಂಡು.

ಊರೂರಿನ ಅಂಗಡಿಗಳು ದಿನವೂ ಮಾಡುವ ಕೆಲಸವೇ ಇದು. ಇದರಲ್ಲಿ ಕದಿಯುವ ಉದ್ದೇಶ ಯಾರಿಗೂ ಇರುವುದಿಲ್ಲ. ಆದರೆ ಈ ಪುಟ್ಟ ರೀಲ್‌ನಲ್ಲಿ ಕೇಳದೆ ಬಳಸಿದ ಹಕ್ಕುಗಳು ಐದಾರು ಇವೆ. ಒಂದೊಂದಾಗಿ ಬಿಡಿಸಿ ನೋಡಿದರೆ, ಅದೇ ರೀಲನ್ನು ಯಾರ ಹಂಗೂ ಇಲ್ಲದೆ ಮಾಡುವ ದಾರಿಯೂ ಕಾಣುತ್ತದೆ.

ಹಾಡಿನಿಂದ ಶುರುಮಾಡೋಣ, ಹೆಚ್ಚು ಜನ ಎಡವುವುದು ಅಲ್ಲೇ. ಪುರಂದರದಾಸರು 16ನೇ ಶತಮಾನದವರು, ಅವರ ಪದಕ್ಕೆ ಎಂಥ ಕಾಪಿರೈಟ್ ಎಂದು ಕೇಳುವವರಿದ್ದಾರೆ. ಪದದ ಮಟ್ಟಿಗೆ ಅವರ ಮಾತು ನಿಜ. ಆದರೆ ನಮ್ಮ ಕಿವಿಗೆ ಬೀಳುವ ಹಾಡಿನಲ್ಲಿ ಪದ ಒಂದೇ ಇಲ್ಲ. ಭಾರತದ ಕಾಪಿರೈಟ್ ಕಾಯ್ದೆ, ಅಂದರೆ 1957ರ ಕಾಯ್ದೆ, ಸಾಹಿತ್ಯವನ್ನು ಬೇರೆ, ಸಂಗೀತ ಸಂಯೋಜನೆಯನ್ನು ಬೇರೆ, ಧ್ವನಿಮುದ್ರಣವನ್ನು ಬೇರೆ ಎಂದು ನೋಡುತ್ತದೆ. ಹಾಡಿದ ಕಲಾವಿದರಿಗೂ ತಮ್ಮ ಗಾಯನದ ಮೇಲೆ ಪ್ರತ್ಯೇಕ ಹಕ್ಕಿದೆ. ದಾಸರ ಪದ ಎಲ್ಲರದ್ದು. ಆದರೆ ಅದಕ್ಕೆ ಇಂದು ಪ್ರಸಿದ್ಧವಾಗಿರುವ ಧಾಟಿಯನ್ನು ಹತ್ತಿರದ ಕಾಲದ ಯಾರಾದರೂ ಕೂಡಿಸಿದ್ದರೆ ಆ ಧಾಟಿ ಅವರದ್ದು. ಸ್ಟುಡಿಯೋದಲ್ಲಿ ಅದನ್ನು ಮುದ್ರಿಸಿ ಹೊರತಂದದ್ದು ಆಡಿಯೊ ಕಂಪನಿಯಾದ್ದರಿಂದ ಆ ಮುದ್ರಣ ಅವರದ್ದು.

ಈ ಹಕ್ಕುಗಳು ಎಷ್ಟು ಕಾಲ ಇರುತ್ತವೆ ಎಂಬುದರಲ್ಲೂ ಗೊಂದಲವಿದೆ. ಕವಿ ಮತ್ತು ಸಂಗೀತ ಸಂಯೋಜಕರ ಹಕ್ಕು ಅವರ ಜೀವಮಾನವಿಡೀ ಇದ್ದು, ತೀರಿಹೋದ ಮೇಲೂ 60 ವರ್ಷ ಉಳಿಯುತ್ತದೆ. ಧ್ವನಿಮುದ್ರಣಕ್ಕೆ ಅದು ಹೊರಬಂದ ಮರುವರ್ಷದಿಂದ 60 ವರ್ಷ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಹಾಗಾಗಿ ಅವರ ಕವನಗಳ ಹಕ್ಕು 2041ರ ಕೊನೆಯವರೆಗೆ ಇದೆ. ಕುವೆಂಪು ಅವರದ್ದು 2054ರ ಕೊನೆಯವರೆಗೆ. 1960ರಲ್ಲಿ ಬಂದ ಒಂದು ಭಾವಗೀತೆಯ ರೆಕಾರ್ಡಿನ ಅವಧಿ 2020ಕ್ಕೇ ಮುಗಿದಿದ್ದರೂ ಅದರ ಕವಿಯ ಹಕ್ಕು ಇನ್ನೂ ಜೀವಂತವಿರಬಹುದು. ಹಳೆಯ ಹಾಡು ಎಂದಷ್ಟೇ ತಿಳಿದರೆ ಸಾಲದು, ಅದರ ಯಾವ ಭಾಗ ಹಳೆಯದು ಎಂದು ಕೇಳಬೇಕು.

ಹತ್ತು ಸೆಕೆಂಡಿಗಿಂತ ಕಡಿಮೆಯಿದ್ದರೆ ಪರವಾಗಿಲ್ಲ ಎಂಬ ಮಾತು ಎಲ್ಲ ಕಡೆ ಓಡಾಡುತ್ತಿದೆ. ಕಾಯ್ದೆಯಲ್ಲಿ ಅಂಥ ಸೆಕೆಂಡಿನ ಲೆಕ್ಕವೇ ಇಲ್ಲ. ಖಾಸಗಿ ಬಳಕೆ, ಅಧ್ಯಯನ, ವಿಮರ್ಶೆ, ಸುದ್ದಿ ವರದಿ ಇಂಥ ಕೆಲವು ಕೆಲಸಗಳಿಗೆ ನ್ಯಾಯವಾದ ಪ್ರಮಾಣದಲ್ಲಿ ಬಳಸಬಹುದು ಎಂದಿದೆ. ಸೀರೆಯ ಜಾಹೀರಾತು ಇದರಲ್ಲಿ ಯಾವುದಕ್ಕೂ ಸೇರುವುದಿಲ್ಲ. ಮದುವೆಯ ದಿಬ್ಬಣದಲ್ಲಿ ಹಾಡು ಹಾಕುವುದಕ್ಕೆ ಕಾಯ್ದೆ ವಿನಾಯಿತಿ ಕೊಟ್ಟಿದೆ ನಿಜ, ಆದರೆ ಆ ದಿಬ್ಬಣದ ವಿಡಿಯೊವನ್ನು ಅಂಗಡಿಯ ಪುಟಕ್ಕೆ ಏರಿಸಿದರೆ ಅದು ಬೇರೆ ಬಳಕೆಯಾಗುತ್ತದೆ.

ದುಡ್ಡು ಮಾಡುವ ಉದ್ದೇಶವಿಲ್ಲದಿದ್ದರೆ ಯಾರೂ ಕೇಳುವುದಿಲ್ಲ ಎಂದು ನಂಬಿದವರು 2022ರ ನವೆಂಬರಿನ ಬೆಂಗಳೂರಿನ ಪ್ರಕರಣವನ್ನು ನೆನಪಿಸಿಕೊಳ್ಳಬೇಕು. ಕೆಜಿಎಫ್ 2 ಚಿತ್ರದ ಹಾಡುಗಳ ಹಕ್ಕು ಹೊಂದಿದ್ದ ಎಂಆರ್‌ಟಿ ಮ್ಯೂಸಿಕ್, ಭಾರತ್ ಜೋಡೊ ಯಾತ್ರೆಯ ವಿಡಿಯೊಗಳಲ್ಲಿ ತನ್ನ ಹಾಡುಗಳನ್ನು ಅನುಮತಿಯಿಲ್ಲದೆ ಬಳಸಲಾಗಿದೆ ಎಂದು ದೂರು ಕೊಟ್ಟಿತು. ನಗರದ ವಾಣಿಜ್ಯ ನ್ಯಾಯಾಲಯ ಕಾಂಗ್ರೆಸ್ ಪಕ್ಷದ ಮತ್ತು ಯಾತ್ರೆಯ ಟ್ವಿಟರ್ ಖಾತೆಗಳನ್ನೇ ತಾತ್ಕಾಲಿಕವಾಗಿ ತಡೆಹಿಡಿಯಲು ಆದೇಶಿಸಿತು. ಆಕ್ಷೇಪಕ್ಕೆ ಒಳಗಾದ ವಿಡಿಯೊಗಳನ್ನು ತೆಗೆಯಬೇಕೆಂಬ ಷರತ್ತಿನ ಮೇಲೆ ಹೈಕೋರ್ಟ್ ಆ ತಡೆಯನ್ನು ಕೂಡಲೇ ರದ್ದುಮಾಡಿತು. ಖಾತೆ ಉಳಿಯಿತು, ವಿಡಿಯೊ ಹೋಗಲೇಬೇಕಾಯಿತು.

ಹಾಗಾದರೆ ಇನ್‌ಸ್ಟಾಗ್ರಾಮ್ ತಾನೇ ಕೊಡುವ ಹಾಡುಗಳು? ಅಲ್ಲಿನ ಸಿನಿಮಾ ಹಾಡುಗಳ ದೊಡ್ಡ ಪಟ್ಟಿ ಇರುವುದು ಜನರ ಸ್ವಂತ ಖುಷಿಯ ಬಳಕೆಗೆ. ಅಂಗಡಿಯವರು ಬಿಸಿನೆಸ್ ಖಾತೆ ಮಾಡಿಕೊಂಡ ಕೂಡಲೇ ಆ ಪಟ್ಟಿಯಿಂದ ಎಷ್ಟೋ ಹಾಡುಗಳು ಮಾಯವಾಗುತ್ತವೆ. ಆಗ ಬಹಳ ಜನ ಖಾತೆಯನ್ನು ಮತ್ತೆ ಪರ್ಸನಲ್‌ಗೆ ಬದಲಿಸಿ ಹಾಡು ಹಾಕುತ್ತಾರೆ. ಖಾತೆಯ ಹೆಸರು ಬದಲಾದರೂ ರೀಲ್ ಸೀರೆ ಮಾರುತ್ತಲೇ ಇದೆ, ಅನುಮತಿ ಮಾತ್ರ ಬರುವುದಿಲ್ಲ. ವ್ಯಾಪಾರಕ್ಕೆಂದೇ ಮೆಟಾ ಕಂಪನಿ Meta Sound Collection ಎಂಬ ಬೇರೆ ಸಂಗ್ರಹ ಇಟ್ಟಿದೆ. ಅದಕ್ಕೆ ಶುಲ್ಕವಿಲ್ಲ, ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮ್‌ನಲ್ಲಿ ಬಳಸಬಹುದು. ಅದೇ ವಿಡಿಯೊವನ್ನು ಯೂಟ್ಯೂಬ್‌ಗೂ ಹಾಕುವುದಾದರೆ ಸಂಗೀತವನ್ನು ಬದಲಿಸಿ, YouTube Studio ಒಳಗಿರುವ Audio Library ನೋಡಬೇಕು. ಅಲ್ಲಿ ಪ್ರತಿ ಟ್ರ್ಯಾಕ್‌ನ ಪಕ್ಕ ಲೈಸೆನ್ಸ್ ಯಾವುದು ಎಂದು ತೋರಿಸುತ್ತಾರೆ. CC ಗುರುತು ಇದ್ದರೆ ಕಲಾವಿದರ ಹೆಸರನ್ನು ವಿವರಣೆಯಲ್ಲಿ ಕೊಡಬೇಕು.

ಆದರೆ ಇಳಕಲ್ ಸೀರೆಗೆ ಆ ವಿದೇಶಿ ವಾದ್ಯದ ತುಣುಕು ಒಪ್ಪುವುದಿಲ್ಲ ಎಂಬ ಮಾತಿಗೆ ನನ್ನ ಪೂರ್ಣ ಸಹಮತವಿದೆ. ದಾಸರ ಪದವೇ ಬೇಕು ಎನ್ನುವವರಿಗೆ ಒಳ್ಳೆಯ ದಾರಿ, ಊರಿನ ಭಜನಾ ಮಂಡಳಿಯವರಿಂದಲೋ ಸಂಗೀತ ಕಲಿಯುವ ಹುಡುಗಿಯಿಂದಲೋ ಹಾಡಿಸುವುದು. ಹಿರಿಯರಿಂದ ಬಂದ ಧಾಟಿಯಲ್ಲಿ, ಬರಿಯ ತಂಬೂರಿ ತಾಳದೊಂದಿಗೆ ಹಾಡಿಸಿ, ಮೊಬೈಲ್‌ನಲ್ಲೇ ರೆಕಾರ್ಡ್ ಮಾಡಿದರೂ ಸಾಕು. ಮುದ್ರಿಸಿದ್ದು ನೀವು, ಹಾಡಿದ್ದು ಅವರು. ಅವರಿಗೆ ಸಂಭಾವನೆ ಕೊಟ್ಟು, ಯಾವ ಪುಟದಲ್ಲಿ ಎಷ್ಟು ಕಾಲ ಬಳಸುತ್ತೀರಿ ಎಂದು ಎರಡು ಸಾಲು ಬರೆಸಿಕೊಂಡರೆ ಹಾಡಿನ ಕೆಲಸ ಮುಗಿಯಿತು.

ಇನ್ನು ನೇಕಾರರ ಚಿತ್ರ. ಗೂಗಲ್ ಚಿತ್ರಗಳ ಒಡೆಯನಲ್ಲ, ಅವು ಎಲ್ಲಿವೆ ಎಂದು ತೋರಿಸುತ್ತದೆ ಅಷ್ಟೆ. "ಕೃಪೆ: ಗೂಗಲ್" ಎಂದು ಬರೆದರೆ ಯಾರ ಅನುಮತಿಯೂ ಸಿಕ್ಕಂತಾಗುವುದಿಲ್ಲ. ಗೂಗಲ್ ಚಿತ್ರ ಹುಡುಕಾಟದಲ್ಲಿ Tools ಒತ್ತಿ, Usage Rights ಅಡಿಯಲ್ಲಿ Creative Commons licenses ಆರಿಸಿದರೆ ಮರುಬಳಕೆಗೆ ಬಿಟ್ಟ ಚಿತ್ರಗಳಷ್ಟೇ ಬರುತ್ತವೆ. ವಿಕಿಮೀಡಿಯ ಕಾಮನ್ಸ್‌ನಲ್ಲಿ ನೇರವಾಗಿಯೇ ಹುಡುಕಬಹುದು. ಚಿತ್ರದ ಮೇಲೆ ಒತ್ತಿ ಅದರ ಸ್ವಂತ ಪುಟಕ್ಕೆ ಹೋಗಿ ಲೈಸೆನ್ಸ್ ಓದುವುದು ಮುಖ್ಯ. CC BY ಎಂದಿದ್ದರೆ ಹೆಸರು ಕೊಟ್ಟು ಬಳಸಬಹುದು. CC BY-SA ಎಂದಿದ್ದರೆ, ಆ ಚಿತ್ರವನ್ನು ತಿದ್ದಿ ಮಾಡಿದ್ದನ್ನೂ ಅದೇ ಷರತ್ತಿನಲ್ಲಿ ಇತರರಿಗೆ ಬಿಡಬೇಕು. ಲೈಸೆನ್ಸ್ ಹೆಸರಿನಲ್ಲಿ NC ಕಂಡರೆ ಅಂಗಡಿಯವರು ಮುಟ್ಟಬಾರದು, ಅದು ವ್ಯಾಪಾರಕ್ಕಲ್ಲ. ND ಇದ್ದರೆ ತಿದ್ದಿದ್ದನ್ನು ಹಂಚುವಂತಿಲ್ಲ. ಸಂಗೀತಕ್ಕೆ ND ಇದ್ದರಂತೂ ವಿಡಿಯೊಗೆ ಜೋಡಿಸುವಂತೆಯೇ ಇಲ್ಲ. ಏಕೆಂದರೆ ಚಲಿಸುವ ಚಿತ್ರಕ್ಕೆ ಸಂಗೀತವನ್ನು ಹೊಂದಿಸುವುದನ್ನೇ ಈ ಲೈಸೆನ್ಸ್‌ಗಳು ಹೊಸ ರೂಪವೆಂದು ಎಣಿಸುತ್ತವೆ. ಹೆಸರು ಕೊಡುವ ಕ್ರಮ ಹೀಗೆ: ಚಿತ್ರದ ಶೀರ್ಷಿಕೆ, ಛಾಯಾಗ್ರಾಹಕರು ತಮ್ಮನ್ನು ಕರೆದುಕೊಂಡ ಹೆಸರು, ವಿಕಿಮೀಡಿಯ ಕಾಮನ್ಸ್, CC BY 4.0. ಮಾರ್ಪಡಿಸಿದ್ದರೆ ಅದನ್ನೂ ಹೇಳಬೇಕು.

ಇಷ್ಟೆಲ್ಲ ಮಾಡಿದರೂ ಸಿಕ್ಕುವುದು ಚಿತ್ರ ತೆಗೆದವರ ಒಪ್ಪಿಗೆ ಮಾತ್ರ. ಮಗ್ಗದ ಮುಂದೆ ಕೂತ ಮನುಷ್ಯನನ್ನು ಯಾರೂ ಕೇಳಿಲ್ಲ. ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಚಿತ್ರದಲ್ಲಿರುವವರ ಖಾಸಗಿತನದ ಹೊಣೆ ಹೊರುವುದಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ತೀರ್ಪು ಕೊಟ್ಟಿತು. ಆ ಮೊಕದ್ದಮೆ ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ತನ್ನ ಮುಖವನ್ನು ಇನ್ನೊಬ್ಬರು ವ್ಯಾಪಾರಕ್ಕೆ ಬಳಸುವುದರ ಮೇಲೆ ವ್ಯಕ್ತಿಗೆ ಹಿಡಿತವಿರಬೇಕು ಎಂಬ ಮಾತೂ ಆ ತೀರ್ಪಿನಲ್ಲಿ ಬಂದಿದೆ. ಸಿನಿಮಾ ನಟರು ತಮ್ಮ ಚಿತ್ರದ ದುರ್ಬಳಕೆಯ ವಿರುದ್ಧ ಕೋರ್ಟಿನಿಂದ ತಡೆ ತರಬಲ್ಲರು, 2022ರಲ್ಲಿ ಅಮಿತಾಭ್ ಬಚ್ಚನ್ ತಂದರು. ನೇಕಾರನಿಗೆ ಆ ಶಕ್ತಿಯಿಲ್ಲ ಎಂಬ ಕಾರಣಕ್ಕೇ ನಾವು ಹೆಚ್ಚು ಎಚ್ಚರದಿಂದ ಇರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಅದರಲ್ಲೂ ಇಳಕಲ್ಲಿನ ಅಂಗಡಿಗೆ ನೇಕಾರರು ಬೇರೆ ಊರಿನವರಲ್ಲ. ಎರಡು ಓಣಿ ದಾಟಿ ಹೋಗಿ ಕೇಳಬಹುದು:

"ಅಣ್ಣಾರ, ನೀವು ಮಗ್ಗಕ್ಕ ಕುಂತಾಗ ಒಂದ್ ಫೋಟೊ ತಗೋಬೇಕಂತೀನ್ರಿ. ನಮ್ಮ ಅಂಗಡಿ ಇನ್‌ಸ್ಟಾಗ್ರಾಮ್‌ನ್ಯಾಗ ದೀಪಾವಳಿ ಜಾಹೀರಾತಿಗೆ ಹಾಕ್ತೀವಿ. ನಿಮ್ಮ ಹೆಸರ ಹಾಕಬೇಕೋ ಬ್ಯಾಡೋ ನೀವ ಹೇಳ್ರಿ. ಮುಂದ ಬ್ಯಾಡ ಅನಿಸಿದ್ರ ಒಂದ್ ಮಾತ ಹೇಳ್ರಿ, ತಗದ್ಬಿಡ್ತೀವಿ."

ಇದರಲ್ಲಿ ಬೇಕಾದದ್ದೆಲ್ಲ ಇದೆ: ಎಲ್ಲಿ ಹಾಕುತ್ತೀರಿ, ಯಾಕೆ ಹಾಕುತ್ತೀರಿ, ಹೆಸರಿನ ವಿಷಯ, ತೆಗೆಸುವ ಅವಕಾಶ. ಅವರು ಒಪ್ಪಿದ ಮೇಲೆ ಇದೇ ಮಾತನ್ನು ವಾಟ್ಸಾಪ್‌ನಲ್ಲಿ ಕಳಿಸಿ ಉತ್ತರ ಪಡೆದರೆ ದಾಖಲೆಯೂ ಆಯಿತು. ಮುಖ ಬೇಡ ಎಂದರೆ ಲಾಳಿ ಓಡಿಸುವ ಕೈಗಳ ಚಿತ್ರ ತೆಗೆಯಿರಿ. ಸೀರೆಯ ರೀಲ್‌ಗೆ ಅದೇ ಹೆಚ್ಚು ಚೆನ್ನ.

ಮದುಮಗಳ ಚಿತ್ರದಲ್ಲಿ ಒಂದು ವಿಚಿತ್ರವಿದೆ. ಸಾಮಾನ್ಯವಾಗಿ ಫೋಟೊದ ಹಕ್ಕು ತೆಗೆದವರದ್ದು. ಆದರೆ ಹಣ ಕೊಟ್ಟು ತೆಗೆಸಿದ ಫೋಟೊ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದ್ದು ಎನ್ನುತ್ತದೆ ನಮ್ಮ ಕಾಯ್ದೆ. ಅಂದರೆ ಮದುವೆಯ ಫೋಟೊಗಳು ಹೆಚ್ಚಾಗಿ ಆ ಕುಟುಂಬದ ಸ್ವತ್ತು. ಫೋಟೊಗ್ರಾಫರ್ ತಮ್ಮ ರಸೀದಿಯಲ್ಲೋ ಒಪ್ಪಂದದಲ್ಲೋ ಬೇರೆ ಷರತ್ತು ಬರೆದಿದ್ದರೆ ಲೆಕ್ಕ ಬದಲಾಗುತ್ತದೆ. ಹಕ್ಕು ಯಾರದ್ದಾದರೂ ತೆಗೆದವರ ಹೆಸರು ಹೇಳುವುದು ಅವರಿಗೆ ಸಲ್ಲಬೇಕಾದದ್ದು. ಆದ್ದರಿಂದ ಕೇಳಬೇಕಾದದ್ದು ಇಬ್ಬರನ್ನೂ. ಮೊದಲು ಆ ಹುಡುಗಿಯನ್ನೇ ಕೇಳಬೇಕು, ಮುಖ ಅವಳದ್ದು. ಆಮೇಲೆ ಫೋಟೊಗ್ರಾಫರ್‌ಗೆ ಹೇಳಿ, ಅವರ ಪುಟವನ್ನು ಟ್ಯಾಗ್ ಮಾಡಿ, ವಾಟರ್‌ಮಾರ್ಕ್ ಕತ್ತರಿಸದ ಪ್ರತಿಯನ್ನೇ ಅವರಿಂದ ಪಡೆಯಬೇಕು. ಸ್ಟೇಟಸ್‌ನಲ್ಲಿ ಹಾಕಿದ್ದಳಲ್ಲ ಎಂಬುದು ಒಪ್ಪಿಗೆಯಲ್ಲ. ಅವಳು ಹಾಕಿದ್ದು ತನ್ನವರು ನೋಡಲೆಂದು. ಚಿತ್ರದಲ್ಲಿ ಪಕ್ಕ ನಿಂತ ಮಕ್ಕಳಿದ್ದರೆ ತಂದೆತಾಯಿಯನ್ನು ಕೇಳಿ, ಇಲ್ಲವೇ ಆ ಭಾಗ ಬಿಟ್ಟು ಬೇರೆ ಚಿತ್ರ ಆರಿಸಿ.

ಕೊನೆಯದಾಗಿ, ಈ ರೀಲ್‌ನ ಹೆಸರಿನಲ್ಲಿ ಒಂದು ಫೋಲ್ಡರ್ ಮಾಡಿ ಎಲ್ಲವನ್ನೂ ಅದರಲ್ಲಿಡಿ: ಹಾಡಿದ ಮೂಲ ರೆಕಾರ್ಡಿಂಗ್, ಗಾಯಕಿ ಬರೆದುಕೊಟ್ಟ ಪತ್ರ, ನೇಕಾರರ ಮತ್ತು ಮದುಮಗಳ ಸಂದೇಶಗಳು, ಲೈಸೆನ್ಸ್ ಪುಟದ ತಾರೀಖು ಕಾಣುವ ಸ್ಕ್ರೀನ್‌ಶಾಟ್. ಎಲ್ಲವೂ ಸರಿಯಿದ್ದರೂ ಇದು ಬೇಕಾಗುತ್ತದೆ. ಯೂಟ್ಯೂಬ್‌ನ Content ID ವ್ಯವಸ್ಥೆ ಧಾಟಿಯನ್ನೂ ಹೋಲಿಸಿ ನೋಡುವುದರಿಂದ, ನಿಮ್ಮೂರಿನ ಹುಡುಗಿ ಹಾಡಿದ ದಾಸರ ಪದವನ್ನೇ ಯಾವುದೋ ಆಡಿಯೊ ಕಂಪನಿ ತನ್ನದೆಂದು ಕ್ಲೇಮ್ ಮಾಡಿದಂತೆ ಕಾಣಿಸಬಹುದು. ಗಾಬರಿಯಾಗಿ ವಿಡಿಯೊ ಅಳಿಸಬೇಡಿ. ಕ್ಲೇಮ್ ಬೇರೆ, ಸ್ಟ್ರೈಕ್ ಬೇರೆ. 90 ದಿನಗಳೊಳಗೆ ಮೂರು ಬಂದರೆ ಚಾನೆಲ್ಲನ್ನೇ ಕಳೆಯಬಹುದಾದದ್ದು ಸ್ಟ್ರೈಕ್. ಕ್ಲೇಮ್ ಬಂದರೆ YouTube Studioದಲ್ಲಿ ಆ ವಿಡಿಯೊದ ಎದುರು Copyright ಎಂದು ಕಾಣುವ ಕಡೆ ಒತ್ತಿ, ಪದ ಪುರಂದರದಾಸರದ್ದು, ಧಾಟಿ ಪರಂಪರೆಯದ್ದು, ಮುದ್ರಣ ನಮ್ಮದು ಎಂದು ಬರೆದು ಆಕ್ಷೇಪ ಸಲ್ಲಿಸಿ. ಕ್ಲೇಮ್ ಮಾಡಿದವರಿಗೆ ಉತ್ತರಿಸಲು 30 ದಿನವಿದೆ. ಅಷ್ಟರೊಳಗೆ ಅವರು ಏನೂ ಹೇಳದಿದ್ದರೆ ಕ್ಲೇಮ್ ತಾನಾಗಿ ಬಿದ್ದುಹೋಗುತ್ತದೆ. ಒಪ್ಪದೆ ಮುಂದುವರಿದರೆ ಫೋಲ್ಡರ್‌ನಲ್ಲಿರುವ ಕಾಗದಗಳನ್ನು ಮುಂದಿಟ್ಟುಕೊಂಡು ಮೇಲ್ಮನವಿ ಬರೆಯಬಹುದು.