ಪುಸ್ತಕ ಮೌಲ್ಯಕ್ಕೆ ಕಾಣದ ಆಸ್ತಿ

ಕಂಪನಿಯೊಂದರ ಆಸ್ತಿ 500 ಕೋಟಿ, ಸಾಲ ಮತ್ತಿತರ ಹೊಣೆ 300 ಕೋಟಿ, ಷೇರುಗಳು 10 ಕೋಟಿ ಎಂದುಕೊಳ್ಳಿ. ಉಳಿದ 200 ಕೋಟಿ ಹಂಚಿದರೆ ಷೇರಿಗೆ 20 ರೂಪಾಯಿ. ಅದೇ ಪುಸ್ತಕ ಮೌಲ್ಯ. ಪೇಟೆಯಲ್ಲಿ ಷೇರು 60 ರೂಪಾಯಿಗೆ ಸಿಕ್ಕರೆ ಪಿಬಿ ಅನುಪಾತ 3.

ಬ್ಯಾಂಕುಗಳನ್ನು ಅಳೆಯಲು ಇದು ಒಳ್ಳೆಯ ಲೆಕ್ಕ. ಸಾಫ್ಟ್‌ವೇರ್ ಕಂಪನಿಗೆ ಅಲ್ಲ. ಇನ್ಫೋಸಿಸ್‌ನ ಮೈಸೂರು ಕ್ಯಾಂಪಸ್ಸಿನ ಕಟ್ಟಡ ಆಸ್ತಿ. ಅಲ್ಲಿ ಹೊಸಬರಿಗೆ ಕೊಡುವ ತರಬೇತಿ ಬರೀ ಖರ್ಚು. 2017ರಲ್ಲಿ ಅದು ಷೇರಿಗೆ 1,150 ರೂಪಾಯಿಯಂತೆ 13,000 ಕೋಟಿ ಕೊಟ್ಟು ತನ್ನದೇ ಷೇರುಗಳನ್ನು ಮರಳಿ ಕೊಂಡಿತು. ಕೊಟ್ಟ ಬೆಲೆ ಪುಸ್ತಕ ಮೌಲ್ಯಕ್ಕಿಂತ ಬಹಳ ಹೆಚ್ಚಿದ್ದುದರಿಂದ ಉಳಿದ ಷೇರುಗಳ ಪುಸ್ತಕ ಮೌಲ್ಯ ಆ ಮಟ್ಟಿಗೆ ತಗ್ಗಿತು. ಗ್ರಾಹಕರು, ಕೆಲಸಗಾರರು ಮಾತ್ರ ಇದ್ದಲ್ಲೇ ಇದ್ದರು. ಇಂಥ ಷೇರು ಕೊಳ್ಳುವಾಗ ಲಾಭ ಮತ್ತು ಕೈಸೇರುವ ನಗದನ್ನೇ ನೋಡಿ.