ಒಂದನೇ ತಾರೀಖಿಗೆ ತಿರುಗುವ ನಮೂದು

ಪೀಣ್ಯದ ಒಂದು ಸಣ್ಣ ಕಾರ್ಖಾನೆ. ಲೇತ್ ಮತ್ತು ಸಿಎನ್‌ಸಿ ಯಂತ್ರಗಳಲ್ಲಿ ಬಿಡಿಭಾಗ ಕಡೆಯುವ ಕೆಲಸ. 2025ರ ಮಾರ್ಚ್‌ನಲ್ಲಿ ಆರ್ಡರ್ ಮುಗಿಸಬೇಕೆಂದು ಮೂರು ಪಾಳಿಯಲ್ಲಿ ಯಂತ್ರ ಓಡಿಸಿದ್ದರು. ಏಪ್ರಿಲ್‌ನಲ್ಲಿ ಲೆಕ್ಕ ನೋಡಲು ನನ್ನನ್ನು ಕರೆದಾಗ ವಿದ್ಯುತ್ ಖರ್ಚಿನ ಲೆಡ್ಜರ್ ತೆರೆದೆ. ಮಾರ್ಚ್ ತಿಂಗಳ ಒಟ್ಟು ಖರ್ಚಿನ ಜಾಗದಲ್ಲಿ ಎಂಟುನೂರು ರೂಪಾಯಿ ಕ್ರೆಡಿಟ್ ಇತ್ತು. ಹಗಲೂ ರಾತ್ರಿ ಯಂತ್ರ ಓಡಿದ ತಿಂಗಳಲ್ಲಿ ಕರೆಂಟಿಗೆ ಖರ್ಚೇ ಇಲ್ಲ, ಬದಲಿಗೆ ಎಂಟುನೂರು ಲಾಭ!

ಅಲ್ಲಿನ ಅಕೌಂಟೆಂಟ್ ಹುಡುಗಿ ಗಾಬರಿಯಾಗಿದ್ದಳು. "ಪ್ರಾವಿಷನ್ ಹಾಕಿದ್ದೀನಿ ಸರ್, ಪ್ರತಿ ತಿಂಗಳೂ ತಪ್ಪದೆ ಹಾಕಿದ್ದೀನಿ" ಎಂದಳು. ಅವಳ ಮಾತು ನಿಜವಾಗಿತ್ತು. ತಪ್ಪು ಎಲ್ಲಿತ್ತು ಎಂದು ಹೇಳುವ ಮೊದಲು, ಈ ಪ್ರಾವಿಷನ್ ಯಾಕೆ ಹಾಕುತ್ತಾರೆ, ಅದು ಮತ್ತೆ ಯಾಕೆ ತಿರುಗಬೇಕು ಎಂಬುದನ್ನು ಬಿಡಿಸಿ ಹೇಳುತ್ತೇನೆ.

ದುಡ್ಡು ಕೊಟ್ಟ ದಿನವೂ ಖರ್ಚು ನಡೆದ ದಿನವೂ ಒಂದೇ ಆಗಿರುವುದಿಲ್ಲ. ಜನವರಿಯಲ್ಲಿ ಸುಟ್ಟ ಕರೆಂಟಿನ ಬಿಲ್ ಬರುವುದು ಫೆಬ್ರವರಿಯಲ್ಲಿ. ಜನವರಿ ಒಂದರಂದು ಕಟ್ಟಿದ ವಿಮೆಯ ಕಂತು ಡಿಸೆಂಬರ್ ಕೊನೆಯವರೆಗೆ ಕಾಯುತ್ತದೆ. ಕಂಪನಿಗಳು ಲೆಕ್ಕವನ್ನು ದುಡ್ಡು ಕೈಬದಲಾದ ದಿನದ ಪ್ರಕಾರ ಅಲ್ಲ, ಖರ್ಚು ಯಾವ ಅವಧಿಗೆ ಸೇರಿದೆಯೋ ಅದರ ಪ್ರಕಾರ ಬರೆಯಬೇಕೆಂದು 2013ರ ಕಂಪನಿ ಕಾಯ್ದೆಯ 128ನೇ ಸೆಕ್ಷನ್ ಹೇಳುತ್ತದೆ. ಹಾಗಾಗಿ ತಿಂಗಳ ಕೊನೆಗೆ ಎರಡು ಬಗೆಯ ಹೊಂದಾಣಿಕೆ ಬೇಕಾಗುತ್ತದೆ. ಮೊದಲೇ ಕೊಟ್ಟದ್ದನ್ನು ತಿಂಗಳಿಗಿಷ್ಟು ಎಂದು ಕರಗಿಸುವುದು ಒಂದು. ಇನ್ನೂ ಬಿಲ್ ಬಾರದ್ದನ್ನು ಅಂದಾಜಿನಲ್ಲಿ ಸೇರಿಸಿಕೊಳ್ಳುವುದು ಇನ್ನೊಂದು. ಮೊದಲಿನದಕ್ಕೆ ಕಚೇರಿಯಲ್ಲಿ ಪ್ರಿಪೇಯ್ಡ್ ಎನ್ನುತ್ತಾರೆ, ಎರಡನೆಯದಕ್ಕೆ ಪ್ರಾವಿಷನ್.

ಪ್ರಿಪೇಯ್ಡ್ ಕತೆ ಸರಳ. ಈ ಕಾರ್ಖಾನೆ 2025ರ ಜನವರಿ 1ರಿಂದ ಡಿಸೆಂಬರ್ 31ರವರೆಗಿನ ಅಗ್ನಿ ವಿಮೆಗೆ 1,20,000 ರೂಪಾಯಿ ಕಟ್ಟಿತ್ತು. ಮೇಲಿನ ಜಿಎಸ್‌ಟಿಯನ್ನು ತೆರಿಗೆ ಕ್ರೆಡಿಟ್ಟಾಗಿ ಪಡೆದಿದ್ದರಿಂದ ಅದು ಈ ಲೆಕ್ಕಕ್ಕೆ ಬರುವುದಿಲ್ಲ. ಕಟ್ಟಿದ ದಿನ ಪೂರ್ತಿ ಮೊತ್ತವನ್ನು ಪ್ರಿಪೇಯ್ಡ್ ವಿಮೆ ಎಂಬ ಆಸ್ತಿ ಖಾತೆಗೆ ಹಾಕಿದರು. ಆಮೇಲೆ ಪ್ರತಿ ತಿಂಗಳ ಕೊನೆಗೆ ವಿಮೆ ಖರ್ಚಿಗೆ 10,000 ಡೆಬಿಟ್, ಪ್ರಿಪೇಯ್ಡ್ ಖಾತೆಗೆ 10,000 ಕ್ರೆಡಿಟ್. ಮಾರ್ಚ್ 31ಕ್ಕೆ ಪ್ರಿಪೇಯ್ಡ್ ಖಾತೆಯಲ್ಲಿ 90,000 ಉಳಿಯಬೇಕು. ದಿನ ಎಣಿಸಿ ಹಂಚಿದರೆ ಮೂರು ತಿಂಗಳ ಖರ್ಚು 30,000ದ ಬದಲು 29,589 ಆಗುತ್ತದೆ. ಇಷ್ಟು ಸಣ್ಣ ವ್ಯತ್ಯಾಸಕ್ಕೆ ತಲೆಕೆಡಿಸಿಕೊಳ್ಳುವುದಕ್ಕಿಂತ ವರ್ಷವಿಡೀ ಒಂದೇ ಪದ್ಧತಿ ಹಿಡಿಯುವುದು ಮೇಲು.

ಹನ್ನೆರಡು ತಿಂಗಳೂ ಅದೇ ಖಾತೆ, ಅದೇ ಮೊತ್ತ. ಹೀಗಾಗಿ ಇಆರ್‌ಪಿಯಲ್ಲಿ ಇದನ್ನು ಒಂದು ಮಾದರಿಯಾಗಿ ಬರೆದಿಟ್ಟರೆ ಸಾಕು. ಈ ಕಾರ್ಖಾನೆ ಬಳಸುತ್ತಿದ್ದದ್ದು ಮೈಕ್ರೋಸಾಫ್ಟ್‌ನ ಬಿಸಿನೆಸ್ ಸೆಂಟ್ರಲ್. ಅದರಲ್ಲಿ ರಿಕರಿಂಗ್ ಜನರಲ್ ಜರ್ನಲ್ ಎಂಬ ಪರದೆಯಿದೆ. ಅಲ್ಲಿ ಒಂದು ಸಾಲು ಬರೆದು, ವಿಧಾನದ ಚೌಕದಲ್ಲಿ F ಎಂದು ಕೊಟ್ಟರೆ ಮೊತ್ತ ಪ್ರತಿ ತಿಂಗಳೂ ಹಾಗೇ ಉಳಿಯುತ್ತದೆ. ಪೋಸ್ಟ್ ಮಾಡಿದ ಕೂಡಲೇ ಸಾಲಿನ ದಿನಾಂಕ ಮುಂದಿನ ತಿಂಗಳಿಗೆ ಸರಿಯುತ್ತದೆ. ಮುಕ್ತಾಯದ ದಿನಾಂಕವಾಗಿ ಡಿಸೆಂಬರ್ 31 ಕೊಟ್ಟಿದ್ದರೆ ಅದರಾಚೆಗೆ ಆ ಸಾಲು ಪೋಸ್ಟ್ ಆಗುವುದಿಲ್ಲ. ಆದರೆ ನಡುವೆ ಪಾಲಿಸಿ ರದ್ದಾದರೆ ಮಾದರಿಗೆ ಅದು ಗೊತ್ತಾಗುವುದಿಲ್ಲ. ಅದು ಇಲ್ಲದ ವಿಮೆಯನ್ನೂ ಕರಗಿಸುತ್ತಾ ಹೋಗುತ್ತದೆ. ನಿಲ್ಲಿಸುವುದು ಮನುಷ್ಯರ ಕೆಲಸ.

ಪ್ರಾವಿಷನ್ ಇದಕ್ಕೆ ತಿರುಗುಮುರುಗು. ಜನವರಿ ಕೊನೆಗೆ ಕಾರ್ಖಾನೆಯ ಮೀಟರ್ ನೋಡಿದಾಗ 24,000 ಯೂನಿಟ್ ಓಡಿತ್ತು. ಹಿಂದಿನ ಬಿಲ್‌ಗಳ ಸರಾಸರಿಯಂತೆ ಯೂನಿಟ್ಟಿಗೆ 7 ರೂಪಾಯಿ 50 ಪೈಸೆ ಹಿಡಿದು 1,80,000 ರೂಪಾಯಿ ಪ್ರಾವಿಷನ್ ಹಾಕಿದರು. ಜನವರಿ 31ಕ್ಕೆ ವಿದ್ಯುತ್ ಖರ್ಚಿಗೆ ಡೆಬಿಟ್, ಪ್ರಾವಿಷನ್ ಖಾತೆಗೆ ಕ್ರೆಡಿಟ್. ಜನವರಿಯ ಲಾಭನಷ್ಟ ಸರಿಯಾಯಿತು. ಆದರೆ ಫೆಬ್ರವರಿ 8ಕ್ಕೆ ನಿಜವಾದ ಬಿಲ್ ಬಂತು, 1,86,400. ಬಿಲ್ ನಮೂದಿಸುವವರು ಅದನ್ನು ಪೂರ್ತಿಯಾಗಿ ವಿದ್ಯುತ್ ಖರ್ಚಿಗೇ ಹಾಕುತ್ತಾರೆ. ಹಾಗೇ ಬಿಟ್ಟರೆ ಜನವರಿಯ ಕರೆಂಟು ಎರಡು ಸಲ ಖರ್ಚಾದಂತೆ.

ಅದಕ್ಕೇ ತಿರುವು ನಮೂದು. ಫೆಬ್ರವರಿ 1ಕ್ಕೆ ಜನವರಿಯ ಪ್ರಾವಿಷನ್ ಉಲ್ಟಾ ಆಗುತ್ತದೆ: ಪ್ರಾವಿಷನ್ ಖಾತೆಗೆ 1,80,000 ಡೆಬಿಟ್, ವಿದ್ಯುತ್ ಖರ್ಚಿಗೆ ಕ್ರೆಡಿಟ್. ಅಂದರೆ ಫೆಬ್ರವರಿ ಶುರುವಾಗುವಾಗ ಖರ್ಚಿನ ಖಾತೆ ಮೈನಸ್‌ನಲ್ಲಿ ನಿಂತಿರುತ್ತದೆ. ಹೊಸಬರು ಇದನ್ನು ನೋಡಿ ತಪ್ಪೆಂದು ಅಳಿಸಲು ಹೊರಡುತ್ತಾರೆ, ದಯವಿಟ್ಟು ಹಾಗೆ ಮಾಡಬೇಡಿ. ಆ ಮೈನಸ್ ಬರುವ ಬಿಲ್ಲಿಗಾಗಿ ಕಾಯುತ್ತಿರುವ ಗುಂಡಿ. ಎಂಟನೇ ತಾರೀಖು 1,86,400ರ ಬಿಲ್ ಬಂದು ಅದನ್ನು ತುಂಬಿದಾಗ, ಅಂದಾಜಿಗೂ ನಿಜಕ್ಕೂ ನಡುವಿನ 6,400 ಮಾತ್ರ ಫೆಬ್ರವರಿಗೆ ಉಳಿಯುತ್ತದೆ. ಬಿಲ್ ನಮೂದಿಸುವವರು ಹಿಂದಿನ ತಿಂಗಳ ಪ್ರಾವಿಷನ್ ಇತ್ತೇ, ಎಷ್ಟಿತ್ತು ಎಂದು ನೆನಪಿಡಬೇಕಾಗಿಲ್ಲ. ಇಡೀ ಏರ್ಪಾಡಿನ ಸೊಗಸು ಇರುವುದು ಇಲ್ಲೇ ಎಂದು ನನಗೆ ಯಾವಾಗಲೂ ಅನ್ನಿಸಿದೆ.

ಬಿಸಿನೆಸ್ ಸೆಂಟ್ರಲ್‌ನಲ್ಲಿ ಇದಕ್ಕೆ RV ಎಂಬ ವಿಧಾನ ಇದೆ. ಪೋಸ್ಟ್ ಮಾಡಿದ ಮೇಲೆ ಮೊತ್ತ ಅಳಿದುಹೋಗುತ್ತದೆ, ಆದ್ದರಿಂದ ಪ್ರತಿ ತಿಂಗಳೂ ಮೀಟರ್ ನೋಡಿ ಹೊಸದಾಗಿ ತುಂಬಲೇಬೇಕು. ಕರೆಂಟಿನಂಥ ಏರಿಳಿಯುವ ಖರ್ಚಿಗೆ ಇದು ಒಳ್ಳೆಯದು. ತಿಂಗಳಿಗೆ ಇಂತಿಷ್ಟೇ ಎಂದು ಗೊತ್ತಿರುವ ಸೆಕ್ಯುರಿಟಿ ಏಜೆನ್ಸಿಯ ಬಿಲ್ಲಿಗೆ RF ಸಾಕು. ಎರಡರಲ್ಲೂ, ಬೇರೆ ದಿನ ಹೇಳದಿದ್ದರೆ, ತಿರುವು ನಮೂದು ಬೀಳುವುದು ಪೋಸ್ಟ್ ಮಾಡಿದ ದಿನಾಂಕದ ಮಾರನೇ ದಿನಕ್ಕೆ. ಈ ಮಾರನೇ ದಿನ ಎಂಬುದನ್ನು ನೆನಪಿಡಿ.

ಈಗ ಮಾರ್ಚ್‌ಗೆ ಬರೋಣ. ಮಾದರಿ ಎಷ್ಟು ದಿನಕ್ಕೊಮ್ಮೆ ಎಂಬ ಚೌಕದಲ್ಲಿ ಆ ಹುಡುಗಿ 1M ಎಂದು ಬರೆದಿದ್ದಳು, ತಿಂಗಳಿಗೊಮ್ಮೆ ಎಂದು. ಯಾರಾದರೂ ಹಾಗೇ ಬರೆಯುತ್ತಾರೆ. ಜನವರಿ 31ಕ್ಕೆ ಒಂದು ತಿಂಗಳು ಸೇರಿಸಿದಾಗ, ಫೆಬ್ರವರಿಯಲ್ಲಿ 31 ಇಲ್ಲದ್ದರಿಂದ ದಿನಾಂಕ 28ಕ್ಕೆ ನಿಂತಿತು. 28ರ ಮಾರನೇ ದಿನ ಮಾರ್ಚ್ 1, ಹಾಗಾಗಿ ಫೆಬ್ರವರಿಯ 1,75,000 ಸರಿಯಾಗಿಯೇ ತಿರುಗಿತು. ಆದರೆ ಫೆಬ್ರವರಿ 28ಕ್ಕೆ ಮತ್ತೆ ಒಂದು ತಿಂಗಳು ಸೇರಿಸಿದರೆ ಬರುವುದು ಮಾರ್ಚ್ 28. ಅದರ ಮಾರನೇ ದಿನ ಮಾರ್ಚ್ 29. ಪ್ರಾವಿಷನ್ ಹುಟ್ಟಿದ್ದೂ ಮಾರ್ಚ್‌ನಲ್ಲೇ, ಅಳಿದದ್ದೂ ಮಾರ್ಚ್‌ನಲ್ಲೇ.

ಲೆಡ್ಜರ್ ಹೀಗಿತ್ತು. ಮಾರ್ಚ್ 1ಕ್ಕೆ 1,75,000 ಕ್ರೆಡಿಟ್. ಒಂಬತ್ತನೇ ತಾರೀಖು ಫೆಬ್ರವರಿಯ ಬಿಲ್, 1,74,200 ಡೆಬಿಟ್. 28ಕ್ಕೆ ಮಾರ್ಚ್‌ನ ಪ್ರಾವಿಷನ್ 1,95,000 ಡೆಬಿಟ್. 29ಕ್ಕೆ ಅದೇ 1,95,000 ಕ್ರೆಡಿಟ್. ಉಳಿದದ್ದು ಆ ಎಂಟುನೂರು. ವರ್ಷದ ಕೊನೆಯ ತಿಂಗಳಾದ್ದರಿಂದ ಇಡೀ ವರ್ಷದ ಲಾಭವೇ ಸುಮಾರು ಎರಡು ಲಕ್ಷ ಹೆಚ್ಚಾಗಿ ಕಾಣುತ್ತಿತ್ತು. ತಂತ್ರಾಂಶ ಯಾವ ಎಚ್ಚರಿಕೆಯನ್ನೂ ಕೊಡಲಿಲ್ಲ. ಡೆಬಿಟ್ಟೂ ಕ್ರೆಡಿಟ್ಟೂ ತಾಳೆಯಾಗಿದ್ದವು, ಟ್ರಯಲ್ ಬ್ಯಾಲೆನ್ಸ್ ಸರಿಯಾಗಿಯೇ ಇತ್ತು.

ಆ ಚೌಕದಲ್ಲಿ ಇರಬೇಕಾಗಿದ್ದದ್ದು ಇದು:

```
1D+1M-1D
```

ಒಂದು ದಿನ ಕೂಡಿಸು, ಒಂದು ತಿಂಗಳು ಕೂಡಿಸು, ಒಂದು ದಿನ ಕಳೆ. ಫೆಬ್ರವರಿ 28ಕ್ಕೆ ಒಂದು ದಿನ ಸೇರಿಸಿದರೆ ಮಾರ್ಚ್ 1, ತಿಂಗಳು ಸೇರಿಸಿದರೆ ಏಪ್ರಿಲ್ 1, ಒಂದು ದಿನ ಕಳೆದರೆ ಮಾರ್ಚ್ 31. ತಿಂಗಳ ಮೊದಲ ದಿನವನ್ನು ಮುಟ್ಟಿ ಹಿಂದಕ್ಕೆ ಬರುವುದರಿಂದ ತಿಂಗಳಿಗೆ ಎಷ್ಟೇ ದಿನವಿದ್ದರೂ ಕೊನೆಯ ದಿನಕ್ಕೇ ಬಂದು ನಿಲ್ಲುತ್ತದೆ.

ಸರಿಪಡಿಸಲು ಯಾವುದನ್ನೂ ಅಳಿಸಲಿಲ್ಲ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ಬದಲಾವಣೆಯ ಜಾಡೂ ಉಳಿಯಬೇಕೆಂಬ ನಿಯಮವಿದೆ. ಮಾರ್ಚ್ ಲೆಕ್ಕ ಇನ್ನೂ ಮುಚ್ಚಿರಲಿಲ್ಲ. ಅಷ್ಟರಲ್ಲಿ ಮಾರ್ಚ್‌ನ ಬಿಲ್ ಕೂಡ ಕೈಗೆ ಬಂದಿತ್ತು, 1,97,300. ಅಂದಾಜಿನ ಅಗತ್ಯವೇ ಇರಲಿಲ್ಲ. ಆ ಮೊತ್ತಕ್ಕೇ ಮಾರ್ಚ್ 31ರ ಹೊಸ ನಮೂದು, ಏಪ್ರಿಲ್ 1ಕ್ಕೆ ಅದರ ತಿರುವು. ಮಾದರಿಯ ಸಾಲು ಏಪ್ರಿಲ್ 28ಕ್ಕೆ ಸರಿದು ಕೂತಿತ್ತು, ಅದನ್ನು 30 ಮಾಡಿ ಸೂತ್ರ ಬದಲಿಸಿದೆವು.

ಇಂಥ ತಪ್ಪು ಹಿಡಿಯಲು ನಾನು ನೋಡುವುದು ಖರ್ಚಿನ ಖಾತೆಯನ್ನಲ್ಲ, ಅದರ ಎದುರಿನ ಖಾತೆಯನ್ನು. ತಿಂಗಳ ಕೊನೆಯ ದಿನ ಪ್ರಾವಿಷನ್ ಖಾತೆಯಲ್ಲಿ ಆ ತಿಂಗಳ ಅಂದಾಜು ಇರಬೇಕು, ಮಾರನೇ ದಿನ ಸೊನ್ನೆ ಇರಬೇಕು. ಇಲ್ಲಿ ಮಾರ್ಚ್ 31ಕ್ಕೇ ಸೊನ್ನೆ ಇತ್ತು. ಪ್ರಿಪೇಯ್ಡ್ ಖಾತೆಯಲ್ಲಿ ಉಳಿದ ತಿಂಗಳುಗಳಷ್ಟು ಮೊತ್ತ ಇರಬೇಕು. ಅದು ಕರಗದೆ 1,20,000ದಲ್ಲೇ ನಿಂತಿದ್ದರೆ, ಯಾರೋ ವಿಮೆಯ ಸಾಲಿಗೂ RF ಕೊಟ್ಟು, ಕರಗಿಸಿದ್ದನ್ನು ಮಾರನೇ ದಿನವೇ ವಾಪಸ್ ತಂದಿದ್ದಾರೆ ಎಂದು ತಿಳಿಯಬೇಕು. ಪ್ರಿಪೇಯ್ಡ್ ಎಂದೂ ತಿರುಗಬಾರದು.

ನಮ್ಮ ಕಚೇರಿಗಳಲ್ಲಿ ಪ್ರಾವಿಷನ್ ಎಂಬ ಒಂದೇ ಮಾತಿಗೆ ಎರಡು ಅರ್ಥ ಓಡಾಡುವುದೂ ತೊಂದರೆ ಕೊಡುತ್ತದೆ. ಕರೆಂಟು, ಆಡಿಟ್ ಫೀಸು, ಸಾಗಣೆ ಬಾಡಿಗೆ, ಇವೆಲ್ಲ ಬಿಲ್ ಬಾರದ ಬಾಕಿಗಳು, ತಿರುಗಬೇಕು. ಮಾರಿದ ಮಾಲಿನ ವಾರಂಟಿಗೆ, ನೌಕರರ ಗ್ರಾಚ್ಯುಟಿಗೆ ತೆಗೆದಿಡುವುದೂ ಪ್ರಾವಿಷನ್ನೇ. ಆದರೆ ಮುಂದಿನ ತಿಂಗಳು ಅದಕ್ಕೆ ಬಿಲ್ ಬರುವುದಿಲ್ಲ, ಹೊಣೆ ವರ್ಷಗಟ್ಟಲೆ ಇರುತ್ತದೆ. ಅದನ್ನು ತಿರುಗುವ ಮಾದರಿಗೆ ಸೇರಿಸಿದರೆ ಒಂದನೇ ತಾರೀಖು ಕಂಪನಿಯ ಹೊಣೆಯೇ ಪುಸ್ತಕದಿಂದ ಮಾಯ.

ತಂತ್ರಾಂಶ ಬದಲಾದಂತೆ ನಡೆಯೂ ಬದಲಾಗುತ್ತದೆ. ಎಸ್‌ಎಪಿಯಲ್ಲಿ FBS1 ಎಂಬಲ್ಲಿ ಪ್ರಾವಿಷನ್ ಹಾಕುವಾಗಲೇ ತಿರುಗುವ ದಿನಾಂಕ ಕೊಡಬೇಕು. ಆದರೆ ಅದು ನಿಜವಾಗಿ ತಿರುಗುವುದು ಹೊಸ ತಿಂಗಳಲ್ಲಿ F.81 ಓಡಿಸಿದಾಗ. ಓಡಿಸುವುದು ಮರೆತರೆ ಖರ್ಚು ಎರಡು ಸಲ ಕೂತಿರುತ್ತದೆ. ಟ್ಯಾಲಿಯಲ್ಲಿ ರಿವರ್ಸಿಂಗ್ ಜರ್ನಲ್ ಎಂಬ ವೋಚರ್ ಇದೆ, ಹೆಸರು ಕೇಳಿ ಮೋಸಹೋಗಬೇಡಿ. ಅದು ನಿಜವಾದ ಲೆಕ್ಕಕ್ಕೆ ಸೇರುವುದಿಲ್ಲ. ಸಿನೇರಿಯೋ ಆರಿಸಿ ವರದಿ ತೆಗೆದಾಗ ಮಾತ್ರ, ಕೊಟ್ಟ ದಿನಾಂಕದವರೆಗೆ ಕಾಣುತ್ತದೆ. ಅದರಲ್ಲಿ ಪ್ರಾವಿಷನ್ ಹಾಕಿ ಮುಗಿಯಿತೆಂದು ಕೂತರೆ ಬ್ಯಾಲೆನ್ಸ್ ಶೀಟಿನಲ್ಲಿ ಏನೂ ಇರುವುದಿಲ್ಲ. ಸಾಮಾನ್ಯ ಜರ್ನಲ್‌ನಲ್ಲೇ ಹಾಕಿ, ಒಂದನೇ ತಾರೀಖು ಇನ್ನೊಂದು ಜರ್ನಲ್‌ನಿಂದ ತಿರುಗಿಸಬೇಕು.

ಇನ್ನು ಬಿಸಿನೆಸ್ ಸೆಂಟ್ರಲ್ ಬಳಸುವವರಿಗೆ ಒಂದು ಮಾತು. ದಿನಾಂಕ ಜಾರಲು ಫೆಬ್ರವರಿಯೇ ಬೇಕಿಲ್ಲ. ಏಪ್ರಿಲ್ 30ರಿಂದ ಮೇ 30ಕ್ಕೆ ಹೋದರೂ ತಿರುವು ಬೀಳುವುದು ಮೇ 31ಕ್ಕೇ. ನಿಮ್ಮ ತಿರುಗುವ ಮಾದರಿಗಳಲ್ಲಿ 1M ಎಂದು ಇದ್ದರೆ, ಈ ತಿಂಗಳ ಲೆಕ್ಕ ಮುಚ್ಚುವ ಮೊದಲೇ ಅದನ್ನು ಬದಲಿಸಿ.