ಊಟಕ್ಕೆ ಮುಂಚಿನ ಎರಡು ನಿಮಿಷ

ಬೆಂಗಳೂರಿನಲ್ಲಿ ಶನಿವಾರ ಬಂತೆಂದರೆ ಯಾವುದಾದರೊಂದು ಕಂಪನಿಯ ಸಭಾಂಗಣದಲ್ಲಿ ಸಾಫ್ಟ್‌ವೇರ್‌ನವರ ಮೀಟಪ್ ಇದ್ದೇ ಇರುತ್ತದೆ. ಬೆಳಿಗ್ಗೆ ಶುರುವಾಗಿ, ಎರಡು ಮೂರು ಉಪನ್ಯಾಸ ಮುಗಿದು, ಇನ್ನೇನು ಊಟಕ್ಕೆ ಏಳಬೇಕು ಎನ್ನುವಾಗ ನಿರೂಪಕರು ಹತ್ತಿರದಲ್ಲಿ ಸಿಕ್ಕವರನ್ನು ಹಿಡಿದು, ‘ವಂದನಾರ್ಪಣೆ ನೀವೇ ಮಾಡಿಬಿಡಿ’ ಎನ್ನುತ್ತಾರೆ. ಮೈಕ್ ಹಿಡಿದವರು ನೆನಪಿಗೆ ಬಂದಷ್ಟು ಹೆಸರು ಹೇಳಿ ಮುಗಿಸುತ್ತಾರೆ. ಬಿಟ್ಟುಹೋಗುವುದು ತೆರೆಯ ಹಿಂದೆ ದುಡಿದವರ ಹೆಸರು.

ಈ ಹೊಣೆಯನ್ನು ಬೆಳಿಗ್ಗೆಯೇ ಒಬ್ಬರಿಗೆ ವಹಿಸಬೇಕು. ಅವರು ಮುಂದಿನ ಸಾಲಿನಲ್ಲಿ ಕಾಗದ, ಪೆನ್ನು ಹಿಡಿದು ಕೂರಬೇಕು. ಹೆಸರುಗಳನ್ನು ಮೊದಲೇ ಬರೆದುಕೊಳ್ಳಬಹುದು. ಉಚ್ಚಾರಣೆ ಹೇಗೆ ಎಂದು ಆಯಾ ಭಾಷಣಕಾರರನ್ನೇ ಕೇಳಿ ಖಚಿತಪಡಿಸಿಕೊಳ್ಳಬಹುದು. ಆದರೆ ಹೆಸರಿನ ಪಕ್ಕದ ಜಾಗ ಖಾಲಿ ಇರಲಿ. ಅಲ್ಲಿ ಬರೆಯಬೇಕಾದದ್ದು ಉಪನ್ಯಾಸ ಕೇಳಿದ ಮೇಲಷ್ಟೇ ಗೊತ್ತಾಗುತ್ತದೆ.

ಸಾಫ್ಟ್‌ವೇರ್ ಪರೀಕ್ಷಕರ ಒಂದು ಸಭೆಯನ್ನು ಊಹಿಸಿಕೊಳ್ಳೋಣ. ಒಂದು ಟೆಸ್ಟ್ ಕೆಲವೊಮ್ಮೆ ಪಾಸ್, ಕೆಲವೊಮ್ಮೆ ಫೇಲ್ ಆಗುತ್ತಿದ್ದ ಕಥೆಯನ್ನು ಮೊದಲ ಭಾಷಣಕಾರರು ಹೇಳುತ್ತಾರೆ. ಫೇಲ್ ಆಗುತ್ತಿದ್ದುದು ರಾತ್ರಿ 12ರಿಂದ ಬೆಳಗಿನ ಜಾವ 5.30ರ ನಡುವೆ ಮಾತ್ರ. ಸರ್ವರ್ ಇಟ್ಟುಕೊಂಡಿದ್ದ ಜಾಗತಿಕ ಸಮಯ ಭಾರತೀಯ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. ಹಾಗಾಗಿ ಆ ಅವಧಿಯಲ್ಲಿ ಸರ್ವರ್ ಲೆಕ್ಕದಲ್ಲಿ ಇನ್ನೂ ಹಿಂದಿನ ದಿನದ ತಾರೀಖೇ ಇರುತ್ತಿತ್ತು.

ವಂದನೆ ಹೇಳುವವರು ಇದಕ್ಕೆ ‘ಅತ್ಯಂತ ಮಾಹಿತಿಪೂರ್ಣವಾದ ಅಮೂಲ್ಯ ಉಪನ್ಯಾಸ ನೀಡಿದ ಮಾನ್ಯರಿಗೆ ಹೃತ್ಪೂರ್ವಕ ಧನ್ಯವಾದಗಳನ್ನು ಅರ್ಪಿಸುತ್ತೇನೆ’ ಎಂದರೆ, ಅದು ಯಾವ ಊರಿನ ಯಾವ ಭಾಷಣಕ್ಕೂ ಸಲ್ಲುತ್ತದೆ. ಬದಲಿಗೆ, ‘ಬೆಳಗಿನ ಜಾವ ಐದೂವರೆಗೆ ತಾನಾಗಿಯೇ ಸರಿಹೋಗುತ್ತಿದ್ದ ಆ ಟೆಸ್ಟ್‌ನ ಗುಟ್ಟು ಬಿಡಿಸಿಕೊಟ್ಟಿರಿ. ಸೋಮವಾರ ಆಫೀಸಿಗೆ ಹೋಗಿ ನಾವೆಲ್ಲ ಮೊದಲು ನೋಡುವುದು ನಮ್ಮ ಸರ್ವರ್‌ನ ಗಡಿಯಾರವನ್ನು. ಥ್ಯಾಂಕ್ಸ್ ಸರ್’ ಎಂದರೆ ಆ ಭಾಷಣಕಾರರ ಮುಖ ಅರಳುತ್ತದೆ. ತಮ್ಮ ಮಾತನ್ನು ಯಾರೋ ಕಿವಿಗೊಟ್ಟು ಕೇಳಿದ್ದಾರೆ ಎಂಬುದು ಅವರಿಗೆ ಖಾತ್ರಿಯಾಗುತ್ತದೆ. ಒಬ್ಬೊಬ್ಬರಿಗೆ ಇಂಥ ಎರಡು ಮೂರು ಚಿಕ್ಕ ವಾಕ್ಯ ಸಾಕು. ಅದನ್ನು ಮೀರಿದರೆ ಅದು ಉಪನ್ಯಾಸದ ಸಾರಾಂಶವಾಗುತ್ತದೆ, ಈಗಷ್ಟೇ ಕೇಳಿದ್ದನ್ನು ಸಭಿಕರು ಮತ್ತೆ ಕೇಳಬೇಕಾಗುತ್ತದೆ.

ಭಾಷಣಕಾರರ ನಂತರ ಜಾಗ ಕೊಟ್ಟ ಸಂಸ್ಥೆ, ಆಮೇಲೆ ಸಂಘಟಕರು ಮತ್ತು ಸ್ವಯಂಸೇವಕರು, ಕೊನೆಗೆ ಸಭಿಕರು. ಅತಿಥಿಗಳು ಮೊದಲು, ಮನೆಯವರು ಆಮೇಲೆ ಎಂಬ ನಮ್ಮ ಕಾರ್ಯಕ್ರಮಗಳ ರೂಢಿ ಇಲ್ಲಿಯೂ ಚೆನ್ನಾಗಿ ಒಪ್ಪುತ್ತದೆ. ಸಂಘಟಕರ ಸಾಲಿಗೆ ಬಂದಾಗ ಹೆಸರಿನ ಜೊತೆ ಕೆಲಸವನ್ನೂ ಹೇಳಬೇಕು. ಪ್ರೊಜೆಕ್ಟರ್ ಕೈಕೊಟ್ಟಾಗ ಬೇರೆ ಕೇಬಲ್ ತಂದವರು, ರಜೆಯ ದಿನ ಗೇಟ್ ತೆಗೆದು ಒಬ್ಬೊಬ್ಬರ ಹೆಸರು ಬರೆದುಕೊಂಡ ಸೆಕ್ಯುರಿಟಿಯವರು, ಕಾಫಿ ಲೋಟ ಎತ್ತಿದ ಹೌಸ್‌ಕೀಪಿಂಗ್‌ನವರು: ಇವರ ಹೆಸರು ಆಹ್ವಾನ ಪತ್ರಿಕೆಯಲ್ಲಿ ಇರುವುದಿಲ್ಲ. ಕಾಫಿ ವಿರಾಮದಲ್ಲಿ ಹೋಗಿ ಕೇಳಿ ಬರೆದುಕೊಂಡರೆ ಮಾತ್ರ ಸಿಗುತ್ತದೆ. ಸಭಿಕರಿಗೂ ಬರೀ ‘ಬಂದದ್ದಕ್ಕೆ ಧನ್ಯವಾದ’ ಎನ್ನುವುದಕ್ಕಿಂತ, ಸಭೆಯಲ್ಲಿ ಎಲ್ಲರ ಗಮನ ಸೆಳೆದ ಒಂದು ಪ್ರಶ್ನೆಯನ್ನು ನೆನಪಿಸಿದರೆ ಒಳ್ಳೆಯದು.

ಎಷ್ಟು ಹೊತ್ತು ಮಾತನಾಡಬೇಕು? 1924ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಟೋಸ್ಟ್‌ಮಾಸ್ಟರ್ಸ್ ಕ್ಲಬ್‌ಗಳಲ್ಲಿ ಆಶುಭಾಷಣಕ್ಕೆ ಒಂದರಿಂದ ಎರಡು ನಿಮಿಷ. ಒಂದು ನಿಮಿಷಕ್ಕೆ ಹಸಿರು ದೀಪ, ಒಂದೂವರೆಗೆ ಹಳದಿ, ಎರಡಕ್ಕೆ ಕೆಂಪು. ಮೀಟಪ್‌ನ ವಂದನಾರ್ಪಣೆಗೂ ಈ ಅಳತೆ ಸರಿಹೊಂದುತ್ತದೆ. ಕೆಂಪು ದೀಪ ಇಲ್ಲದಿದ್ದರೂ ಸಭೆಯೇ ಸೂಚನೆ ಕೊಡುತ್ತದೆ: ಲ್ಯಾಪ್‌ಟಾಪ್ ಬ್ಯಾಗ್‌ಗಳ ಜಿಪ್ ಎಳೆಯುವ ಸದ್ದು ಕೇಳಿಸಿತೆಂದರೆ ಮುಗಿಸುವ ಹೊತ್ತು ಮೀರಿದೆ ಎಂದೇ ಅರ್ಥ.

ಕಾರ್ಯಕ್ರಮ ಮೊದಲೇ ತಡವಾಗಿದ್ದರೆ ಹೆಸರು ಬಿಡಬಾರದು, ವಿಶೇಷಣ ಬಿಡಬೇಕು. ಪ್ರತಿ ಹೆಸರಿಗೂ ಚಪ್ಪಾಳೆ ಕೇಳದೆ, ಸ್ವಯಂಸೇವಕರನ್ನೆಲ್ಲ ಒಟ್ಟಿಗೆ ನಿಲ್ಲಿಸಿ ಒಂದೇ ಚಪ್ಪಾಳೆ ಹೊಡೆಸಿದರೆ ಸಮಯ ಉಳಿಯುತ್ತದೆ. ಫೀಡ್‌ಬ್ಯಾಕ್ ಫಾರಂ, ಗ್ರೂಪ್ ಫೋಟೋ, ಪಾರ್ಕಿಂಗ್ ಕುರಿತ ಪ್ರಕಟಣೆಗಳನ್ನು ನಿರೂಪಕರು ಇದಕ್ಕೆ ಮುಂಚೆಯೇ ಹೇಳಿ ಮುಗಿಸಿರಬೇಕು. ವಂದನೆಯ ನಡುವೆ ಅವು ನುಸುಳಿದರೆ ಜನ ಮೊಬೈಲ್ ತೆಗೆಯುತ್ತಾರೆ, ಉಳಿದ ಹೆಸರುಗಳು ಯಾರ ಕಿವಿಗೂ ಬೀಳುವುದಿಲ್ಲ. ಒಬ್ಬರ ಹೆಸರು ಮರೆತದ್ದು ಗೊತ್ತಾದರೆ ಅಲ್ಲೇ ಮೈಕ್ ವಾಪಸು ಪಡೆದು ಹೇಳಬೇಕು, ಊಟದ ಸಾಲಿನಲ್ಲಿ ಕ್ಷಮೆ ಕೇಳಿದರೆ ಅದು ಅವರೊಬ್ಬರಿಗೆ ಮಾತ್ರ ಕೇಳಿಸುತ್ತದೆ.

ಸಭೆ ಮುಗಿದ ಮೇಲೆ ಆ ಕಾಗದವನ್ನು ಎಸೆಯದೆ ಸಂಘಟಕರಿಗೆ ಕೊಡಿ. ಮರುದಿನ ಧನ್ಯವಾದದ ಇಮೇಲ್ ಯಾರಿಗೆಲ್ಲ ಹೋಗಬೇಕು ಎಂಬ ಪಟ್ಟಿ ಅದರಲ್ಲೇ ಇದೆ.